ಎರಡು ಕಂಬಗಳ ನಡುವಿನ ಮಾತು

ಅಡವಯ್ಯ ತೀರಿಕೊಂಡು ಐವತ್ತೆರಡು ದಿನವಾಯಿತು. ಮಧುಗಿರಿಯಲ್ಲಿ ನಲವತ್ತು ದಾಟಿದ ಯಾರನ್ನು ಕೇಳಿದರೂ ಅವನ ಮುಖಕ್ಕಿಂತ ಮೊದಲು ದನಿ ನೆನಪಾಗುತ್ತದೆ. ಇಪ್ಪತ್ತಾರು ವರ್ಷ ಪ್ರತಿ ಶುಕ್ರವಾರ ಆಟೋ ಮೇಲೆ ಮೈಕು ಕಟ್ಟಿಕೊಂಡು, ಊರಿನ ಟಾಕೀಸಿಗೆ ಬಂದ ಹೊಸ ಸಿನಿಮಾವನ್ನು ಬೀದಿ ಬೀದಿಗೆ ಸಾರಿದವನು ಅವನು. ಐ.ಡಿ.ಹಳ್ಳಿಯವರೆಗೂ ಹೋಗುತ್ತಿದ್ದ, ಒಮ್ಮೊಮ್ಮೆ ಕೊರಟಗೆರೆಗೂ. ಟಾಕೀಸು ಮುಚ್ಚಿದ ಮೇಲೆ ಅದೇ ಮೈಕಿನಲ್ಲಿ ಪೋಲಿಯೋ ಹನಿ, ನೀರಿನ ತೆರಿಗೆ, ಕಳೆದುಹೋದ ಮೇಕೆಗಳನ್ನೂ ಸಾರಿದ.

ಪ್ರಸನ್ನ ಕುಮಾರ್ ಅವನಿಗೆ ಮಿಡ್ಲ್‌ಸ್ಕೂಲಿನಿಂದ ಗೆಳೆಯ. ಒಬ್ಬ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ, ಇನ್ನೊಬ್ಬ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೈಕು ಹಿಡಿದ. ಆದರೂ ಸಂಜೆಯಾದರೆ ಇಬ್ಬರೂ ಬಸ್‌ಸ್ಟ್ಯಾಂಡಿನ ಪರ್ವತಯ್ಯನ ಚಹಾ ಅಂಗಡಿಯ ಬೆಂಚಿನ ಮೇಲೇ ಇರುತ್ತಿದ್ದರು.

ಅಡವಯ್ಯನ ಕಸುಬಿಗೆ ಅವನೇ ಮಾಡಿಕೊಂಡ ಒಂದು ಲೆಕ್ಕವಿತ್ತು. ಆಟೋ ಒಂದು ಲೈಟುಕಂಬದಿಂದ ಇನ್ನೊಂದು ಲೈಟುಕಂಬಕ್ಕೆ ಹೋಗುವಷ್ಟರಲ್ಲಿ ಸಿನಿಮಾ ಏನೆಂದು ಹೇಳಿ ಮುಗಿಸಬೇಕು. ಮನೆಯೊಳಗೆ ಪಾತ್ರೆ ತೊಳೆಯುತ್ತಿರುವ ಹೆಂಗಸು ಬಾಗಿಲಿಗೆ ಬಂದು ನಿಲ್ಲುವುದು ಅಷ್ಟು ಹೊತ್ತು ಮಾತ್ರ. ಅವನು ಸಾರಿದ ಸಿನಿಮಾಗಳಲ್ಲಿ ಮುಕ್ಕಾಲು ಪಾಲನ್ನು ಸಾರುವ ಹೊತ್ತಿಗೆ ಅವನೂ ನೋಡಿರುತ್ತಿರಲಿಲ್ಲ. ಪೋಸ್ಟರನ್ನೂ ಕರಪತ್ರವನ್ನೂ ಒಂದು ಗಳಿಗೆ ದಿಟ್ಟಿಸಿ, ಒಂದು ಮಾತು ಕಟ್ಟಿಬಿಡುತ್ತಿದ್ದ. ಅದರ ಕೊನೆಗೆ ಯಾವಾಗಲೂ ಒಂದು ಪ್ರಶ್ನೆ. ತಾಯಿಗೆ ಮಗ ಸಿಗುವನೇ? ಸೇಡು ತೀರುವುದೇ? ಬೆಳ್ಳಿತೆರೆಯ ಮೇಲೆ ನೋಡಿ.

ಅವನಿಗೊಂದು ಆಸೆಯಿತ್ತು, ಅರವತ್ತೈದರವರೆಗೂ ಬಾಯಿ ಬಿಟ್ಟು ಹೇಳಿರಲಿಲ್ಲ. ಅಷ್ಟೊಂದು ಜನರ ಹೆಸರನ್ನು ಬೀದಿಯಲ್ಲಿ ಕೂಗಿದವನಿಗೆ ಒಂದು ಸಿನಿಮಾದ ಟೈಟಲ್ಲಿನಲ್ಲಿ ತನ್ನ ಹೆಸರು ಬರಬೇಕಾಗಿತ್ತು. ಹೇಳಿದ್ದು ಹೋದ ವರ್ಷ, ಶ್ವಾಸಕೋಶ ಗಟ್ಟಿಯಾಗುತ್ತಿದೆ ಎಂದು ತುಮಕೂರಿನ ಡಾಕ್ಟರು ಹೇಳಿದ ವಾರ.

"ಲೇ ಪ್ರಸನ್ನ, ನನ್ ತಾವ ಒಂದು ಕತೆ ಐತೆ ಕಣ್ಲಾ. ನೀನು ಬರೆದುಕೊಡ್ಬೇಕು."

ಕತೆ ಸಿಕ್ಕಿದ್ದು ಪಾವಗಡದ ಕಡೆ. ವಳ್ಳೂರಿನಲ್ಲಿ ನೆಂಟರ ಮನೆಗೆ ಹೋಗಿದ್ದಾಗ, ಸೋಲಾರ್ ಪಾರ್ಕಿನ ಒಂದು ಗೇಟಿನ ಹತ್ತಿರ ಸೆಕ್ಯುರಿಟಿ ಗಾರ್ಡೊಬ್ಬ ಟೋಪಿ ತೆಗೆದು, ಪ್ಯಾನೆಲ್ಲುಗಳ ಸಾಲಿನ ಕಡೆ ಕೈಮುಗಿಯುತ್ತಿದ್ದ. ಯಾರಿಗೆ ಕೈಮುಗೀತೀಯಪ್ಪ ಎಂದು ಅಡವಯ್ಯ ಕೇಳಿದ್ದಕ್ಕೆ, "ಮಾ ತಾತ ಲೋಪಲ ಉನ್ನಾಡು ಸಾ" ಎಂದು ತೆಲುಗಿನಲ್ಲಿ ಅಂದಿದ್ದ. ಒಳಗೆ ನಮ್ಮ ತಾತ ಇದ್ದಾನೆ ಎಂದು. ಅವರ ಜಮೀನು ಪಾರ್ಕಿಗೆ ಇಪ್ಪತ್ತೆಂಟು ವರ್ಷದ ಗುತ್ತಿಗೆಗೆ ಹೋಗಿತ್ತು. ತಾತನ ಸಮಾಧಿಯನ್ನು ಯಾರೂ ಮುಟ್ಟಿರಲಿಲ್ಲ, ಸುತ್ತ ಜಾಗ ಬಿಟ್ಟೇ ಪ್ಯಾನೆಲ್ಲು ನಿಲ್ಲಿಸಿದ್ದರು. ಆದರೆ ಅದೀಗ ಬೇಲಿಯೊಳಗಿತ್ತು. ಅಜ್ಜಿ ಇನ್ನೂ ಬದುಕಿದ್ದಳು, ತನ್ನನ್ನೂ ಅಲ್ಲೇ ಮಣ್ಣು ಮಾಡಬೇಕೆಂದು ಹಟ ಹಿಡಿದಿದ್ದಳು.

ಪ್ರಸನ್ನ ಎಂಟು ತಿಂಗಳು ಕೂತು ನೂರ ನಲವತ್ತು ಪುಟ ಬರೆದ. ಅವನ ಕೈಯಲ್ಲಿ ಕತೆಯ ನಾಯಕ ಗಾರ್ಡಾಗಿ ಉಳಿಯಲಿಲ್ಲ. ಊರಿಗೆ ಮರಳಿದ ಕನ್ನಡ ಮೇಷ್ಟ್ರಾದ. ಅಜ್ಜಿ ಸತ್ತ ಮೇಲೆ ಅವನು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಮಣ್ಣಿನ ಬಗ್ಗೆ ಯೋಚಿಸುತ್ತಾನೆ, ದೊಡ್ಡ ದೊಡ್ಡ ಮಾತಾಡುತ್ತಾನೆ. ಗಾರ್ಡು ಬರೀ ಗೇಟು ಹಾಕುವವನಾದ. ಅಡವಯ್ಯ ಓದಿ ನೋಡಿ, "ಚೆನ್ನಾಗೈತೆ ಮೇಷ್ಟ್ರೇ" ಅಂದ. ಗೆಳೆಯನನ್ನು ಅವನು ಮೇಷ್ಟ್ರೇ ಎನ್ನುತ್ತಿದ್ದುದು ಎರಡೇ ಸಂದರ್ಭದಲ್ಲಿ, ಗೇಲಿ ಮಾಡುವಾಗ ಮತ್ತು ಹೇಳಬೇಕಾದ್ದನ್ನು ನುಂಗಿಕೊಳ್ಳುವಾಗ. ಅವತ್ತು ಯಾವುದೆಂದು ಪ್ರಸನ್ನನಿಗೆ ತಿಳಿಯಲಿಲ್ಲ.

ಶಿರಾದ ಚಂದ್ರಶೇಖರಯ್ಯನವರು ಬೋರ್‌ವೆಲ್ ಲಾರಿಗಳ ಮಾಲೀಕರು, ಎರಡು ಸಿನಿಮಾ ನಿರ್ಮಿಸಿದ್ದರು. ಮೂರನೆಯದಕ್ಕೆ ಕತೆ ಹುಡುಕುತ್ತಿದ್ದಾರೆಂದು ಗೊತ್ತಾಗಿ ಇಬ್ಬರೂ ನೂರ ನಲವತ್ತು ಪುಟ ಬೈಂಡು ಮಾಡಿಸಿಕೊಂಡು ಹೋದರು. ಆಫೀಸಿನಲ್ಲಿ ಕತೆಗಳನ್ನು ಮೊದಲು ನೋಡುತ್ತಿದ್ದವಳು ಅವರ ತಮ್ಮನ ಮಗಳು ಅಶ್ವಿನಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಚಿತ್ರಕಥೆ ವಿಭಾಗದಲ್ಲಿ ಕೆಲಸ ಮಾಡಿ ಬಂದವಳು. ಬೈಂಡನ್ನು ಗೌರವದಿಂದಲೇ ಪಕ್ಕಕ್ಕಿಟ್ಟಳು.

"ಸರ್, ದೊಡ್ಡಪ್ಪ ಇದನ್ನ ಓದಲ್ಲ. ಒಂದೇ ವಾಕ್ಯ ಬರ್ಕೊಂಡ್ ಬನ್ನಿ, ಲಾಗ್‌ಲೈನು. ಒನ್‌ಲೈನ್ ಅಂದ್ಕೊಂಡು ಸೀನುಗಳ ಪಟ್ಟಿ ತರ್ಬೇಡಿ, ಅದು ಬೇರೆ. ಇಡೀ ಸಿನಿಮಾ ಏನು ಅಂತ ಒಂದು ವಾಕ್ಯ. ಅದು ಹಿಡಿಸಿದ್ರೆ ಮಾತ್ರ ಪುಟ ತಿರುಗೋದು."

ಮಧುಗಿರಿಯ ಬಸ್ಸು ಹೊರಡುವುದಕ್ಕೆ ಮುಂಚೆಯೇ ಪ್ರಸನ್ನ ಬರೆದು ಮುಗಿಸಿದ. 'ಅಭಿವೃದ್ಧಿ ಮತ್ತು ಪರಂಪರೆಯ ಸಂಘರ್ಷದಲ್ಲಿ ಮಣ್ಣಿನ ನಂಟು ಕಳೆದುಕೊಂಡ ಮನುಷ್ಯನ ಅಸ್ಮಿತೆಯ ಹುಡುಕಾಟ.'

ಅಡವಯ್ಯ ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದ. "ಇದ್ರೊಳಗೆ ಯಾರವ್ರೆ?"

"ಮನುಷ್ಯ ಅಂತ ಇದೆಯಲ್ಲ."

"ಯಾವ ಮನುಷ್ಯ? ಕ್ಯಾಮೆರಾದೋನು ಅಸ್ಮಿತೇನ ಎಲ್ಲಿ ನಿಲ್ಲಿಸ್ಕೊಂಡು ಫೋಟೋ ಹಿಡೀತಾನೆ? ಇದು ನಿನ್ ಕಾಲೇಜಿನ ಪ್ರಶ್ನೆಪತ್ರಿಕೆ ಕಣ್ಲಾ, ಹತ್ತು ಅಂಕದ್ದು. ಬುಡು, ನಾನ್ ಮಾಡ್ತೀನಿ. ಇಪ್ಪತ್ತಾರು ವರ್ಷ ಇನ್ನೇನು ಮಾಡಿದೀನಿ ನಾನು."

ಪ್ರಸನ್ನನಿಗೂ ಹಾಗೇ ಅನ್ನಿಸಿತು. ಸಿನಿಮಾವನ್ನು ಒಂದು ಮಾತಿನಲ್ಲಿ ಹೇಳುವುದರಲ್ಲಿ ನಾಲ್ಕು ತಾಲ್ಲೂಕಿಗೆ ಇವನನ್ನು ಬಿಟ್ಟರೆ ಯಾರಿದ್ದಾರೆ?

ಮುಂದಿನ ಬುಧವಾರ ಚಂದ್ರಶೇಖರಯ್ಯನವರೇ ಆಫೀಸಿನಲ್ಲಿದ್ದರು. ಅಡವಯ್ಯ ಕುರ್ಚಿಯಲ್ಲಿ ಕೂರಲಿಲ್ಲ. ನಿಂತು, ಎಡಗೈಯನ್ನು ಕಿವಿಯ ಹತ್ತಿರ ತಂದು, ಮೈಕಿನ ದನಿ ತೆಗೆದ.

"ಬೇಲಿಯ ಆಚೆ ತಾತ, ಬೇಲಿಯ ಈಚೆ ಅಜ್ಜಿ, ನಡುವೆ ನಿಂತ ಮೊಮ್ಮಗ. ಸಾವೂ ಬೇರ್ಪಡಿಸದ ಜೋಡಿಯನ್ನು ಬೇರ್ಪಡಿಸಿದ್ದು ಯಾರು? ಮುಳ್ಳುತಂತಿ ದಾಟುವುದೇ ಪ್ರೀತಿ?"

ಪಕ್ಕದ ಶೆಡ್ಡಿನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವರು ಬಾಗಿಲಿಗೆ ಬಂದು ನಿಂತರು. ಚಂದ್ರಶೇಖರಯ್ಯನವರು ಮನಸಾರೆ ನಕ್ಕರು. "ಅಡವಯ್ಯನೋರೇ, ನಿಮ್ ದನಿ ಕೇಳಿ ಮಧುಗಿರೀಲಿ ಎಷ್ಟು ಸಿನಿಮಾ ನೋಡಿದೀನೋ. ನಮ್ಮತ್ತೆ ಮನೆ ಅಲ್ಲೇ." ಆಮೇಲೆ ನಗು ನಿಲ್ಲಿಸಿದರು. "ಆದ್ರೆ ನೀವು ಟಿಕೆಟ್ ತಗೊಳೋನಿಗೆ ಹೇಳಿದ್ರಿ. ನಾನು ಟಿಕೆಟ್ ತಗೊಳೋನಲ್ಲ."

ಅಡವಯ್ಯನ ಕೈ ಇನ್ನೂ ಕಿವಿಯ ಹತ್ತಿರವೇ ಇತ್ತು.

"ನೋಡಿ, ನೀವು ನಂಗೆ ಒಂದ್ಸಲ ಹೇಳ್ತೀರ. ನಾನು ಅದನ್ನ ಹೀರೋಗೆ ಹೇಳ್ಬೇಕು, ಕ್ಯಾಮೆರಾದೋರಿಗೆ, ವಿತರಕರಿಗೆ, ಮನೇಲಿ ನಮ್ಮೋಳಿಗೆ. ಏನಂತ ಹೇಳ್ಲಿ? ಮುಳ್ಳುತಂತಿ ದಾಟುವುದೇ ಅಂತ ನಾನೇ ಕೇಳ್ಲಾ?"

ಅಶ್ವಿನಿ ಮೆಲ್ಲಗೆ ಹೇಳಿದಳು. "ಜನಕ್ಕೆ ಮುಚ್ಚಿಡ್ಬೇಕು ಸರ್, ನಿಮ್ ಕೆಲ್ಸ ಅದೇ ಆಗಿತ್ತು. ನಿರ್ಮಾಪಕರಿಗೆ ಬಿಚ್ಚಿಡ್ಬೇಕು. ಯಾರವನು, ಏನ್ ಮಾಡ್ಬೇಕು, ಯಾವುದು ಅಡ್ಡ, ಎಷ್ಟು ಹೊತ್ತಿನೊಳಗೆ. ಕೊನೇಲಿ ಗೆಲ್ತಾನೋ ಇಲ್ವೋ ಅದು ಬೇಡ. ಕೇಳಿದ ತಕ್ಷಣ ಸಿನಿಮಾ ಕಣ್ಣಿಗೆ ಕಾಣ್ಬೇಕು." ಆಮೇಲೆ ಸೇರಿಸಿದಳು. "ಇನ್ನೆರಡು ಕತೆ ಇದೆ ದೊಡ್ಡಪ್ಪನ ಹತ್ರ. ಈ ವರ್ಷ ಮಾಡೋದು ಒಂದೇ. ಸೋಮವಾರ ತೀರ್ಮಾನ ಮಾಡ್ತಾರೆ."

ವಾಪಸು ಬರುವಾಗ ಬಸ್ಸಿನಲ್ಲಿ ಅಡವಯ್ಯ ಕಿಟಕಿಯ ಕಡೆ ಮುಖ ತಿರುಗಿಸಿ ಕೂತ. ಅವನಿಗೆ ಅವಮಾನವಾಗಿದೆ ಎಂದು ಪ್ರಸನ್ನ ತಿಳಿದ. ಮಧುಗಿರಿ ಬೆಟ್ಟ ಕಾಣಿಸಿದ ಮೇಲೆ ಅಡವಯ್ಯ ಬಾಯಿ ಬಿಟ್ಟ.

"ಆ ಹುಡುಗಿ ಹೇಳಿದ್ದು ಸರಿ ಕಣ್ಲಾ. ನಾನು ನೋಡದ ಸಿನಿಮಾನೇ ಸಾರಿದ್ದು. ಒಳಗೇನೈತೆ ಅಂತ ಗೊತ್ತಿಲ್ದೋನು ಪ್ರಶ್ನೆ ಕೇಳಿ ತಪ್ಪಿಸ್ಕೋತಾನೆ. ಇದು ನನ್ನದೇ ಕತೆ. ಇದ್ರಲ್ಲೂ ತಪ್ಪಿಸ್ಕೊಂಡ್ಬುಟ್ಟೆ."

ಅರವತ್ತೈದು ದಾಟಿದವನು ತನಗೆ ಅನ್ನ ಹಾಕಿದ ವಿದ್ಯೆಯನ್ನು ಒಂದು ಬಸ್ಸು ಪ್ರಯಾಣದಲ್ಲಿ ಕೆಳಗಿಟ್ಟ. ಪ್ರಸನ್ನ ಮೂವತ್ತು ವರ್ಷ ಪಾಠ ಹೇಳಿದವನು, ಅಂಥ ವಿದ್ಯಾರ್ಥಿಯನ್ನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಅಡವಯ್ಯ ಬೀದಿಗಿಳಿದ, ಮೈಕಿಲ್ಲದೆ, ನಡೆದುಕೊಂಡು. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳಬೇಕಿತ್ತು. ಅವನ ಪರೀಕ್ಷೆ ಸುಲಭವಾಗಿತ್ತು. ಗೊತ್ತಿದ್ದವರಿಗೆ ರಾತ್ರಿ ಕಟ್ಟಿದ ಹೊಸ ವಾಕ್ಯ ಹೇಳುವುದು, ಹೇಳಿ ಸುಮ್ಮನಾಗುವುದು. "ಯಾಕೆ?" ಎಂದು ಕೇಳಿದರೆ ವಾಕ್ಯ ಕೆಟ್ಟಿದೆ. "ಆಮೇಲೆ?" ಎಂದು ಕೇಳಿದರೆ ಗೆದ್ದಿದೆ.

ಬಸ್‌ಸ್ಟ್ಯಾಂಡಿನ ಬಾಗಿಲಲ್ಲಿ ಹೂ ಮಾರುವ ಓಬಳಮ್ಮ ಮೊದಲು ಕೇಳಿದವಳು. ಪ್ರಸನ್ನ ಪಕ್ಕದಲ್ಲೇ ನಿಂತಿದ್ದ.

"ಓಬಳಮ್ಮ, ಒಂದ್ ಮಾತು ಕೇಳು. ಒಬ್ಬ ಸ್ಕೂಲು ಮೇಷ್ಟ್ರು, ಬೇಲಿಯೊಳಗಿರೋ ತಾತನ ಸಮಾಧಿ ಪಕ್ಕದಲ್ಲಿ ಅಜ್ಜೀನ ಮಣ್ಣು ಮಾಡೋಕೆ ಸೋಲಾರಿನೋರ ಜೊತೆ ಹೋರಾಡ್ತಾನೆ."

ಓಬಳಮ್ಮ ದಾರ ಎಳೆಯುತ್ತಲೇ ಕೇಳಿದಳು. "ಅದಕ್ಯಾಕಪ್ಪ ಹೋರಾಟ? ಮೇಷ್ಟ್ರು ಅಂತೀಯ, ಓದಿರೋನು. ಒಂದು ಅರ್ಜಿ ಗೀಚಿ ಕೊಟ್ರೆ ಬುಡ್ತಾರೆ ಒಳಿಕ್ಕೆ."

ನೂರ ನಲವತ್ತು ಪುಟಕ್ಕೆ ಅವಳ ಉತ್ತರ ಅಷ್ಟೇ. ಪ್ರಸನ್ನನ ಮುಖ ಬಿಸಿಯಾಯಿತು. ಇಬ್ಬರೂ ಪರ್ವತಯ್ಯನ ಬೆಂಚಿಗೆ ಬಂದು ಕೂತರು.

"ಅವ್ಳು ಹೇಳಿದ್ದು ದಿಟ," ಅಂದ ಅಡವಯ್ಯ. "ಅರ್ಜಿ ಕೊಟ್ರೆ ಮುಗೀತದೆ ಅಂದ್ರೆ ಅದು ಸಿನಿಮಾ ಅಲ್ಲ. ಒಳಗೆ ಬುಡೋಕೆ ಆಗಲ್ಲ ಅನ್ನೋನು ಯಾರು? ಗೇಟು ಕಾಯೋನು. ಒಳಿಕ್ಕೆ ಹೋಗ್ಲೇಬೇಕು ಅನ್ನೋನು ಯಾರು? ಮೊಮ್ಮಗ. ಇಬ್ರೂ ಒಬ್ನೇ ಆದ್ರೆ?"

"ನೀನು ವಳ್ಳೂರಲ್ಲಿ ನೋಡಿದ್ದು ಅವನನ್ನೇ ಅಲ್ಲವಾ?"

"ಊಂ. ನಾನು ಗಾರ್ಡು ಅಂತ್ಲೇ ಹೇಳಿದ್ದೆ. ನೀನು ಮೇಷ್ಟ್ರು ಮಾಡ್ಬುಟ್ಟೆ."

"ಆವಾಗಲೇ ಯಾಕೆ ಹೇಳಲಿಲ್ಲ?"

"ನೀನು ಓದಿರೋನು. ನಿಂಗೊತ್ತಿರ್ತದೆ ಅಂದ್ಕೊಂಡೆ."

ಪ್ರಸನ್ನ ಸಿಟ್ಟಾದ. ಎಂಟು ತಿಂಗಳ ಶ್ರಮ, ಅರ್ಧಕ್ಕರ್ಧ ಪುಟ ಹರಿಯಬೇಕು, ಒಂದು ವಾಕ್ಯಕ್ಕೋಸ್ಕರ ಕತೆಯನ್ನೇ ತಿರುಗಿಸುತ್ತಾರಾ ಎಂದು ದನಿಯೇರಿಸಿದ. ಬೈಂಡು ಕಂಕುಳಲ್ಲಿ ಅವುಚಿಕೊಂಡು ಮನೆಗೆ ಹೋದ. ಮಧ್ಯಾಹ್ನ ಊಟದ ಮೇಲೆ ಪುಟ ತಿರುವಿ ನೋಡಿದಾಗ, ಅವನ ಮೇಷ್ಟ್ರು ಎಲ್ಲಾ ಕಡೆ ಮಾತಾಡುತ್ತಿದ್ದ, ಎಲ್ಲೂ ಏನೂ ಮಾಡುತ್ತಿರಲಿಲ್ಲ. ತನ್ನನ್ನೇ ತಾನು ಬರೆದುಕೊಂಡಿದ್ದ. ಸಂಜೆ ವಾಪಸು ಬಂದಾಗ ಅಡವಯ್ಯ ಅವನಿಗೆಂದು ಒಂದು ಚಹಾ ಹೇಳಿ ಕಾಯುತ್ತಿದ್ದ. ಚಹಾ ತಣ್ಣಗಾಗಿತ್ತು.

"ಗಾರ್ಡೇ ಇರಲಿ," ಅಂದ ಪ್ರಸನ್ನ.

ಶುಕ್ರವಾರ ಹೊಸ ವಾಕ್ಯದಲ್ಲಿ ಗಾರ್ಡಿಗೆ ತಿಪ್ಪೇಶಿ ಎಂದು ಹೆಸರಿಟ್ಟು ನಾಲ್ಕು ಜನಕ್ಕೆ ಹೇಳಿದರು. "ಯಾವ ತಿಪ್ಪೇಶಿ, ಬಲಸಮುದ್ರದೋನಾ?" ಎಂದು ಎಲ್ಲರೂ ಅದನ್ನೇ ಹಿಡಿದುಕೊಂಡರು. ಅಡವಯ್ಯ ಹೆಸರು ತೆಗೆದ. ಹೆಸರು ಏನೂ ಹೇಳುವುದಿಲ್ಲ, ಮಾಡುವ ಕೆಲಸ ಎಲ್ಲ ಹೇಳುತ್ತದೆ. ಪರ್ವತಯ್ಯ ಚಹಾ ಸೋಸುತ್ತಾ ಕೇಳಿಸಿಕೊಂಡು, "ಗಾರ್ಡೇ ಅಂದ್ಮೇಲೆ ಯಾರೂ ಇಲ್ದಾಗ ನೋಡ್ಕೊಂಡು ಸಾಗಿಸ್ತಾನೆ ಬುಡು, ಅದೇನು ಅರ್ಜೆಂಟು?" ಎಂದ.

"ಹೆಣಕ್ಕೆ ಅರ್ಜೆಂಟಿರಲ್ವೇನಯ್ಯ?"

"ಹೆಣಕ್ಕೆ ಐತೆ. ಗೇಟಿಗೆಲ್ಲೈತೆ?"

ಅಡವಯ್ಯ ಆ ಮಾತನ್ನು ಕೂತಲ್ಲೇ ಮೆಲುಕು ಹಾಕಿದ. ಗೇಟಿಗೂ ಅರ್ಜೆಂಟು ಬರಬೇಕು. ಯಾರೂ ಇಲ್ಲದ ಹೊತ್ತು ಸಿಗಲೇಬಾರದು. ಪಾರ್ಕಿಗೆ ಮಂತ್ರಿ ಬರುವ ದಿನವೇ ಅಜ್ಜಿ ಸಾಯಬೇಕು. ಪ್ರಸನ್ನ ಬರೆದುಕೊಂಡ, ಅಡವಯ್ಯ ಒಂದೊಂದೇ ಪದ ಕಿತ್ತ. 'ಬಡ' ಹೋಯಿತು, ಕಾವಲುಗಾರ ಎಂದಮೇಲೆ ಅದು ಬೇಡ. 'ಹೃದಯಸ್ಪರ್ಶಿ' ಹೋಯಿತು, ಅದು ನೋಡಿದವರು ಹೇಳಬೇಕಾದ ಮಾತು. ಭಾನುವಾರ ಮಧ್ಯಾಹ್ನ ಓಬಳಮ್ಮನ ಮುಂದೆ ಮತ್ತೆ ಹೇಳಿದಾಗ ಅವಳ ಕೈಯಲ್ಲಿದ್ದ ದಾರ ನಿಂತಿತು.

"ಅಯ್ಯೋ, ಅವ್ನು ಕಾಯೋ ಗೇಟೇನಾ? ಆಮೇಲೆ?"

ಅಡವಯ್ಯ ತಿರುಗಿ ಪ್ರಸನ್ನನನ್ನು ನೋಡಿದ. ಮೊಳ ಮಲ್ಲಿಗೆ ಕೊಂಡು, ಕೊಡಲು ಯಾರೂ ಇಲ್ಲದೆ, ಅವಳ ಬುಟ್ಟಿಗೇ ವಾಪಸು ಹಾಕಿದ.

ಸೋಮವಾರ ಶಿರಾದಲ್ಲಿ ಅಡವಯ್ಯನಿಗೆ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ನೀನೇ ಹೇಳು ಎಂದು ಅವನು, ನಿನ್ನ ಮಾತು ನೀನೇ ಹೇಳು ಎಂದು ಪ್ರಸನ್ನ. ಈ ಸಲ ಅಡವಯ್ಯ ಕುರ್ಚಿಯಲ್ಲಿ ಕೂತ. ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡ. ಮೈಕಿನ ದನಿ ತೆಗೆಯದೆ, ಪಕ್ಕದ ಮನೆಯವರಿಗೆ ಸುದ್ದಿ ಹೇಳುವಷ್ಟು ಸಣ್ಣಗೆ ಹೇಳಿದ.

"ಬೇಲಿಯೊಳಗಿರುವ ತಾತನ ಸಮಾಧಿಯ ಪಕ್ಕದಲ್ಲೇ ಅಜ್ಜಿಯನ್ನು ಮಣ್ಣು ಮಾಡುತ್ತೇನೆಂದು ಮಾತು ಕೊಟ್ಟ ಸೋಲಾರ್ ಪಾರ್ಕಿನ ಕಾವಲುಗಾರ, ಮಂತ್ರಿ ಬರುವ ದಿನವೇ ಸತ್ತ ಅವಳ ಹೆಣವನ್ನು, ಹೊತ್ತು ಮುಳುಗುವುದರೊಳಗೆ, ತಾನೇ ಕಾಯುವ ಗೇಟಿನೊಳಗೆ ಯಾರ ಕಣ್ಣಿಗೂ ಬೀಳದಂತೆ ಸಾಗಿಸಬೇಕು."

ಕೊನೆಗೆ ಪ್ರಶ್ನೆಯಿರಲಿಲ್ಲ. ಹೇಳಿ ಸುಮ್ಮನಾದ. ಸುಮ್ಮನಿರುವುದು ಅವನಿಗೆ ಎಷ್ಟು ಕಷ್ಟವೆಂದು ಆ ಕೋಣೆಯಲ್ಲಿ ಪ್ರಸನ್ನನಿಗೆ ಮಾತ್ರ ಗೊತ್ತಿತ್ತು.

ಚಂದ್ರಶೇಖರಯ್ಯನವರು ಪೇಪರ್‌ವೇಟನ್ನು ತಿರುಗಿಸುತ್ತಿದ್ದರು, ನಿಲ್ಲಿಸಿದರು. "ಸಿಕ್ಕಾಕ್ಕೊಂಡ್ರೆ?"

"ಕೆಲಸ ಹೋಯ್ತದೆ. ಅಜ್ಜೀನೂ ಬೇಲಿ ಹೊರಗೇ ಉಳೀತಾಳೆ."

"ನಗೋ ಸಿನಿಮಾನೋ ಅಳೋದೋ?"

"ಹೆಣ ಸಾಗ್ಸೋವಾಗ ನಗು ಸ್ವಾಮಿ. ಇಳಿಸಿದ್ಮೇಲೆ ಅಳು."

"ಒಂದೇ ಜಾಗ, ಒಂದೇ ಹಗಲು," ಎಂದು ಅವರು ತಮಗೆ ತಾವೇ ಅಂದುಕೊಂಡರು. ಒಪ್ಪಿದೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಫೋನು ತೆಗೆದು ಯಾರಿಗೋ ಹಚ್ಚಿದರು. ಹಿಂದಿನ ಸಿನಿಮಾದ ನಿರ್ದೇಶಕನೆಂದು ಆಮೇಲೆ ತಿಳಿಯಿತು. "ಜಯಕುಮಾರ್, ಒಂದು ಕತೆ ಕೇಳಪ್ಪ. ಒಬ್ಬ ಸೋಲಾರ್ ಪಾರ್ಕಿನ ಕಾವಲುಗಾರ. ಅಜ್ಜೀನ ತಾತನ ಸಮಾಧಿ ಪಕ್ಕದಲ್ಲೇ ಮಣ್ಣು ಮಾಡ್ತೀನಿ ಅಂತ ಮಾತು ಕೊಟ್ಟಿರ್ತಾನೆ, ಸಮಾಧಿ ಬೇಲಿ ಒಳಗೈತೆ..." ಚೀಟಿ ನೋಡದೆ ಕಡೆಯವರೆಗೂ ಹೇಳಿದರು. ಹೊತ್ತು ಮುಳುಗುವುದೂ ಬಂತು, ಮಂತ್ರಿಯೂ ಬಂದ. ಒಂದು ಸಲ ಕೇಳಿದ್ದು ಹಾಗೇ ಬಾಯಿಗೆ ಕೂತಿತ್ತು.

ಅತ್ತ ಕಡೆಯವನು ಏನೋ ಕೇಳಿದ. ಚಂದ್ರಶೇಖರಯ್ಯನವರು ನಕ್ಕರು. "ಆಮೇಲೇನು ಅಂತ ಕೇಳ್ತಾವ್ನೆ," ಎಂದರು ಅಡವಯ್ಯನಿಗೆ.

ಅಶ್ವಿನಿ ಆಗಲೇ ಕರಾರಿನ ಕಾಗದಕ್ಕೆ ಡ್ರಾಯರು ಎಳೆದಿದ್ದಳು. ಕತೆಗಾರ ಎಂದು ಯಾರ ಹೆಸರು ಹಾಕಬೇಕು ಎಂದು ಕೇಳಿದಾಗ, ಅಡವಯ್ಯ ಗೆಳೆಯನ ಕಡೆ ಬೆರಳು ಮಾಡಿದ. ಪ್ರಸನ್ನ ಅವಳ ಪೆನ್ನು ಇಸಕೊಂಡು ತಾನೇ ಬರೆದ. ಮೇಲೆ ಅಡವಯ್ಯ, ಕೆಳಗೆ ಪ್ರಸನ್ನ ಕುಮಾರ್. ಅಡವಯ್ಯ ಇಣುಕಿ ನೋಡಿ, "ಇನಿಷಿಯಲ್ಲು ಬುಟ್ಟಿದೀರ ಮೇಷ್ಟ್ರೇ," ಅಂದ. ಈ ಸಲ ಅದು ಗೇಲಿಯೇ.

ಬಸ್ಸಿನಲ್ಲಿ ಟಿಕೆಟು ಹರಿದುಕೊಟ್ಟ ಕಂಡಕ್ಟರನಿಗೂ ಅವನು ವಾಕ್ಯ ಹೇಳಿದ. ಸೀಟು ತುಂಬಿದ್ದ ಬಸ್ಸಿನಲ್ಲಿ ಕಂಡಕ್ಟರು ಕಂಬಿ ಹಿಡಿದು ನಿಂತೇ ಕೇಳಿದ. "ಆಮೇಲೆ ಏನಾಯ್ತು ಯಜಮಾನ್ರೇ?"

"ನಂಗೂ ಗೊತ್ತಿಲ್ಲ ಕಣಪ್ಪ. ಇವ್ರು ಬರೀಬೇಕು."

ಅದಾದ ಹನ್ನೊಂದನೇ ವಾರ ಅಡವಯ್ಯ ಹೋದ. ಊರಾಚೆ ಅವನ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು. ಅಲ್ಲಿ ಬೇಲಿಯಿರಲಿಲ್ಲ. ಚಿತ್ರಕಥೆಯ ಮೂವತ್ತೊಂಬತ್ತನೇ ಪುಟದವರೆಗೆ ಪ್ರಸನ್ನ ಅವನಿಗೆ ಓದಿ ಹೇಳಿದ್ದ. ಅಲ್ಲಿಂದ ಮುಂದಕ್ಕೆ ಒಂದೂವರೆ ತಿಂಗಳು ಕೈ ಓಡಲಿಲ್ಲ. ಅಶ್ವಿನಿ ಫೋನು ಮಾಡಿ, ಅವಸರವಿಲ್ಲ ಸರ್ ಎನ್ನುತ್ತಿದ್ದಳು. ಆದರೆ ಚಿತ್ರೀಕರಣಕ್ಕೆ ಗೊತ್ತುಮಾಡಿದ ತಿಂಗಳು ಹತ್ತಿರವಾಗುತ್ತಿತ್ತು. ಪುಟ ಮುಗಿಯದಿದ್ದರೆ ಸಿನಿಮಾ ನಿಲ್ಲುತ್ತದೆ, ಕರಾರಿನ ಕಾಗದದಲ್ಲಿರುವ ಆ ಹೆಸರು ಕಾಗದದಲ್ಲೇ ಉಳಿಯುತ್ತದೆ.

ಮೊನ್ನೆ ಪ್ರಸನ್ನ ಆ ವಾಕ್ಯವನ್ನು ಒಂದು ಹಾಳೆಯ ತುದಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿದ. ಹೊಸದಾಗಿ ಬರೆದ ಪ್ರತಿ ದೃಶ್ಯವನ್ನೂ ಅದರ ಪಕ್ಕಕ್ಕೆ ಹಿಡಿದು ನೋಡಿದ. ವಾಕ್ಯಕ್ಕೆ ಸೇರದ್ದನ್ನು ಹರಿದ. ಒಂದು ದೃಶ್ಯ ಉಳಿಯಿತು. ಗಾರ್ಡು ಪ್ಯಾನೆಲ್ ತೊಳೆಯುವ ನೀರಿನ ಟ್ರ್ಯಾಕ್ಟರನ್ನು ಗೇಟಿನಲ್ಲಿ ತಡೆದು, ತಾನೇ ಪಾಸು ಕೇಳಿ, ತಾನೇ ಸಹಿ ಹಾಕಿ ಒಳಗೆ ಬಿಡುತ್ತಾನೆ. ಟ್ಯಾಂಕಿನ ಹಿಂದೆ ಗೋಣಿತಾಟಿನ ಕೆಳಗೆ ಅಜ್ಜಿಯಿದ್ದಾಳೆ.

ಬರೆದದ್ದನ್ನು ಮಡಚಿ ಜೇಬಿಗಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಹೋದ. ಓಬಳಮ್ಮ ಕನಕಾಂಬರ ಕಟ್ಟುತ್ತಿದ್ದಳು. ಬುಟ್ಟಿಯ ಪಕ್ಕದ ಕಲ್ಲಿನ ಮೇಲೆ, ಅಡವಯ್ಯ ಉಸಿರೆಳೆದುಕೊಳ್ಳಲು ಕೂರುತ್ತಿದ್ದಲ್ಲೇ ಕೂತು, ಸಣ್ಣ ದನಿಯಲ್ಲಿ ಓದಿ ಹೇಳಿದ. ಟ್ರ್ಯಾಕ್ಟರು ಗೇಟು ದಾಟಿದಲ್ಲಿಗೆ ನಿಲ್ಲಿಸಿದ.

ಓಬಳಮ್ಮ ಹೂವು ಕೈಯಲ್ಲೇ ಹಿಡಿದು ಅವನ ಮುಖ ನೋಡಿದಳು.

"ಆಮೇಲೆ ಮೇಷ್ಟ್ರೇ?"